ಬಿಲ್ಲಿನ ಸಾಲಿಗೆ ಸಾಲೇ ಸಾಕ್ಷಿ

ಫೋನಿನಲ್ಲಿ ಬಿಲ್ಲಿನ ಚಿತ್ರ ತೆಗೆದು ಕಂಪ್ಯೂಟರಿಗೆ ಕೊಟ್ಟರೆ, ಅದರಲ್ಲಿರುವ ಅಕ್ಷರ ಅಂಕಿಗಳನ್ನು ಓದಿ ಕಾಲಂಗಳಿಗೆ ತುಂಬಿಕೊಡುವ ತಂತ್ರಾಂಶಗಳು ಈಗ ಎಲ್ಲೆಡೆ ಬಂದಿವೆ. ಕ್ಯಾರಿಯಲ್ಲಿರಲಿ, ಶಾರ್ಲಟ್‌ನಲ್ಲಿರಲಿ, ಅಟ್ಲಾಂಟದಲ್ಲಿರಲಿ, ವಾಷಿಂಗ್ಟನ್ ಸುತ್ತಮುತ್ತಲಿರಲಿ, ದೇವಸ್ಥಾನಗಳ ಮತ್ತು ಸಂಘಗಳ ಖಜಾಂಚಿಗಳು ವಾರಾಂತ್ಯದಲ್ಲಿ ಕೂತು ಮಾಡುವ ಕೆಲಸದ ದೊಡ್ಡ ಪಾಲನ್ನು ಇವು ಹಗುರ ಮಾಡಿವೆ. ಆದರೆ ಇವು ಓದುವಾಗ ತಪ್ಪುತ್ತವೆ. ಪದ ತಪ್ಪಿದರೆ ನಮಗೆ ಥಟ್ಟನೆ ಗೊತ್ತಾಗುತ್ತದೆ. ಬಾಸ್ಮತಿ ಎಂಬುದು ಬಾಸ್ಮಲಿ ಎಂದು ಬಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. 13.19 ಎಂಬುದು 18.19 ಎಂದು ಬಂದರೆ ಕಣ್ಣು ನಿಲ್ಲುವುದಿಲ್ಲ. ಅದೂ ಒಂದು ಸಂಖ್ಯೆ, ಇದೂ ಒಂದು ಸಂಖ್ಯೆ. ಎರಡೂ ಅಚ್ಚುಕಟ್ಟಾಗಿ ಕಾಲಂನಲ್ಲಿ ಕೂತಿರುತ್ತವೆ.

ಮೂರು ಎಂಟಾಗುವುದು, ಒಂದು ಏಳಾಗುವುದು, ಐದು ಆರಾಗುವುದು, ಸೊನ್ನೆ ಎಂಟಾಗುವುದು, ದಶಮಾಂಶದ ಚುಕ್ಕೆ ಕಾಗದದ ಮಡಿಕೆಯಲ್ಲಿ ಮಾಯವಾಗುವುದು, ಇವೆಲ್ಲ ದಿನನಿತ್ಯದ ತಪ್ಪುಗಳು. ಶಾಖಕ್ಕೆ ಕಪ್ಪಾಗುವ ತೆಳು ಕಾಗದದ ರಸೀದಿಯನ್ನು ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟಿದ್ದರಂತೂ ಕೇಳುವುದೇ ಬೇಡ. ಇಂಥ ತಪ್ಪನ್ನು ಹಿಡಿಯುವ ದಾರಿ ಬಿಲ್ಲಿನಲ್ಲೇ ಇದೆ. ಪ್ರತಿ ಸಾಲಿನ ತೆರಿಗೆಗೆ ಒಳಪಡುವ ಮೊತ್ತ, ತೆರಿಗೆಯ ದರ, ಒಟ್ಟು ಮೊತ್ತ ಇವನ್ನು ನಾವೇ ಮತ್ತೊಮ್ಮೆ ಲೆಕ್ಕ ಹಾಕಿ, ಓದಿಬಂದ ಅಂಕಿಗಳೊಡನೆ ತಾಳೆ ನೋಡಬೇಕು. ಹೀಗೆ ನೋಡಿದರೆ ಸಾಲಿನಲ್ಲಿ ತಪ್ಪಿದೆ ಎಂಬುದಷ್ಟೇ ಅಲ್ಲ, ಬಹಳ ಸಲ ಯಾವ ಮನೆಯ ಅಂಕಿ ತಪ್ಪು ಎಂಬುದೂ ತಿಳಿಯುತ್ತದೆ. ಈ ದಿನ ಅದನ್ನೇ ವಿವರವಾಗಿ ಹೇಳಬೇಕೆಂದಿದ್ದೇನೆ.

ಐದು ಡಾಲರ್ ಆಚೀಚೆ ಆದರೆ ಏನಾಯಿತು ಎಂದು ಕೇಳುವವರಿಗೆ ಉತ್ತರ ಕ್ಯಾರೊಲಿನಾದ ಒಂದು ನಿಯಮವನ್ನು ಹೇಳುತ್ತೇನೆ. ಈ ರಾಜ್ಯದಲ್ಲಿ ಧಾರ್ಮಿಕ ಸಂಸ್ಥೆಗಳೂ ಇನ್ನು ಕೆಲವು ಬಗೆಯ ಲಾಭೋದ್ದೇಶವಿಲ್ಲದ ಸಂಸ್ಥೆಗಳೂ ತಮ್ಮ ಕೆಲಸಕ್ಕಾಗಿ ಕೊಂಡ ವಸ್ತುಗಳ ಮೇಲೆ ಮಾರಾಟ ತೆರಿಗೆಯನ್ನು ಎಲ್ಲರಂತೆಯೇ ಕೊಡಬೇಕು, ಆಮೇಲೆ ಆರು ತಿಂಗಳಿಗೊಮ್ಮೆ ಅರ್ಜಿ ಹಾಕಿ ಅದನ್ನು ಮರಳಿ ಪಡೆಯಬಹುದು. ಅರ್ಜಿಯ ನಮೂನೆಗೆ E-585 ಎಂದು ಹೆಸರು. ಜನವರಿಯಿಂದ ಜೂನ್‌ವರೆಗಿನ ಖರೀದಿಗೆ ಅಕ್ಟೋಬರ್ 15, ಜುಲೈಯಿಂದ ಡಿಸೆಂಬರ್‌ವರೆಗಿನ ಖರೀದಿಗೆ ಮುಂದಿನ ವರ್ಷದ ಏಪ್ರಿಲ್ 15 ಕೊನೆಯ ದಿನ. ಸಂಸ್ಥೆಯೇ ನೇರವಾಗಿ ಕೊಂಡದ್ದಕ್ಕೆ ಮಾತ್ರ ಈ ಅನುಕೂಲ. ಭಕ್ತರೊಬ್ಬರು ತಮ್ಮ ಕಾರ್ಡಿನಲ್ಲಿ ಕೊಂಡು, ಆಮೇಲೆ ದೇವಸ್ಥಾನದಿಂದ ಹಣ ಪಡೆದರೆ ಅದು ಇದರಲ್ಲಿ ಸೇರದು.

ಇಲ್ಲಿ ಒಟ್ಟು ಇಷ್ಟು ತೆರಿಗೆ ಕೊಟ್ಟೆವು ಎಂದು ಬರೆದುಕೊಟ್ಟರೆ ಸಾಲದು. ರಾಜ್ಯದ ಪಾಲೆಷ್ಟು, ಕೌಂಟಿಯ ಪಾಲೆಷ್ಟು, ಸಾರಿಗೆಗೆಂದು ವಸೂಲಾದ ಪಾಲೆಷ್ಟು ಎಂದು ಬಿಡಿಸಿ ಹೇಳಬೇಕು. ರಾಲಿ, ಕ್ಯಾರಿ ಊರುಗಳಿರುವ ವೇಕ್ ಕೌಂಟಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಸಾಮಾನ್ಯ ವಸ್ತುವಿಗೆ ತೆರಿಗೆ ಶೇ. 7.25. ಅದರಲ್ಲಿ ರಾಜ್ಯಕ್ಕೆ 4.75, ಕೌಂಟಿಗೆ 2, ಸಾರಿಗೆಗೆ ಅರ್ಧ. ಅಕ್ಕಿ, ಬೇಳೆ, ತರಕಾರಿಯಂಥ ದಿನಸಿಗೆ ರಾಜ್ಯದ ತೆರಿಗೆಯೂ ಇಲ್ಲ, ಸಾರಿಗೆಯದೂ ಇಲ್ಲ. ಸ್ಥಳೀಯ ಶೇ. 2 ಮಾತ್ರ. ಹೀಗಾಗಿ ಒಂದೇ ಬಿಲ್ಲಿನಲ್ಲಿ ಎರಡು ದರಗಳು ಇರುತ್ತವೆ. ಒಂದು ಸಾಲಿನ ಅಂಕಿ ತಪ್ಪಿದರೆ ಮೊತ್ತ ತಪ್ಪುವುದಷ್ಟೇ ಅಲ್ಲ, ಹಣ ತಪ್ಪು ಖಾತೆಗೆ ಬೀಳುತ್ತದೆ. ಆರು ತಿಂಗಳ ಬಿಲ್ಲುಗಳಲ್ಲಿ ಇಂಥವು ಹತ್ತಾರು ಸೇರಿಕೊಂಡರೆ ಅರ್ಜಿಯ ಜೊತೆ ಬಿಲ್ಲು ತೋರಿಸಿ ಎಂದು ಕೇಳಿದಾಗ ಉತ್ತರ ಹೇಳುವುದು ಕಷ್ಟವಾಗುತ್ತದೆ.

ಈಗ ಒಂದು ಬಿಲ್ಲನ್ನು ಕಲ್ಪಿಸಿಕೊಳ್ಳಿ. ಉದಾಹರಣೆಗೆಂದು ನಾನೇ ಕಟ್ಟಿದ ಬಿಲ್ಲು ಇದು. ವೇಕ್ ಕೌಂಟಿಯ ದೇವಸ್ಥಾನವೊಂದು ಉತ್ಸವಕ್ಕೆ ಸಾಮಾನು ತರಿಸಿದೆ. ನಾಲ್ಕು ಸಾಲುಗಳಿವೆ. ಮೊದಲ ಸಾಲಿನಲ್ಲಿ ಮಡಿಸುವ ಕುರ್ಚಿ 120, ಒಂದಕ್ಕೆ 18.50 ಡಾಲರ್, ಮೊತ್ತ 2220.00, ದರ 7.25, ತೆರಿಗೆ 160.95, ಒಟ್ಟು 2380.95. ಎರಡನೆಯದರಲ್ಲಿ ಬಡಿಸುವ ಸ್ಟೀಲ್ ಪಾತ್ರೆ 8, ಒಂದಕ್ಕೆ 64.75, ಮೊತ್ತ 518.00, ದರ 7.25, ತೆರಿಗೆ 37.56, ಒಟ್ಟು 555.56. ಮೂರನೆಯದು ಅಕ್ಕಿ ಚೀಲ 30, ಒಂದಕ್ಕೆ 21.99, ಮೊತ್ತ 659.70, ದರ 2, ತೆರಿಗೆ 13.19, ಒಟ್ಟು 672.89. ನಾಲ್ಕನೆಯದು ಗೋಡಂಬಿ ಬರ್ಫಿ ಡಬ್ಬಿ 24, ಒಂದಕ್ಕೆ 11.49, ಮೊತ್ತ 275.76, ದರ 7.25, ತೆರಿಗೆ 19.99, ಒಟ್ಟು 295.75. ಅಂಕಿಗಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಬೇಕಾದಾಗ ಮತ್ತೆ ಹೇಳುತ್ತೇನೆ.

ಪ್ರತಿ ಸಾಲಿನಲ್ಲಿ ಆರು ಅಂಕಿಗಳಿವೆ. ಅವು ಸುಮ್ಮನೆ ಪಕ್ಕಪಕ್ಕ ಕೂತವಲ್ಲ, ಮೂರು ಲೆಕ್ಕಗಳಿಂದ ಒಂದಕ್ಕೊಂದು ಕಟ್ಟಿಕೊಂಡಿವೆ. ಮೊದಲನೆಯ ಲೆಕ್ಕ: ಎಷ್ಟು ವಸ್ತು ಎಂಬುದನ್ನು ಬೆಲೆಯಿಂದ ಗುಣಿಸಿದರೆ ತೆರಿಗೆಗೆ ಒಳಪಡುವ ಮೊತ್ತ ಬರಬೇಕು, ರಿಯಾಯಿತಿ ಇದ್ದರೆ ಅದನ್ನು ಮೊದಲು ಕಳೆಯಬೇಕು. ಎರಡನೆಯದು: ಆ ಮೊತ್ತವನ್ನು ದರದಿಂದ ಗುಣಿಸಿದರೆ ತೆರಿಗೆ ಬರಬೇಕು. ಮೂರನೆಯದು: ಮೊತ್ತಕ್ಕೆ ತೆರಿಗೆ ಕೂಡಿಸಿದರೆ ಒಟ್ಟು ಬರಬೇಕು. ಈ ಮೂರು ಲೆಕ್ಕಗಳಲ್ಲಿ ಯಾವುದು ಸರಿಹೊಂದಿತು, ಯಾವುದು ಮುರಿಯಿತು ಎಂದು ಗುರುತು ಹಾಕಿಕೊಂಡರೆ ಸಾಕು, ತಪ್ಪು ಎಲ್ಲಿದೆ ಎಂದು ಹೇಳಬಹುದು.

ಯಾಕೆ ಎಂದು ನೋಡಿ. ಮೊತ್ತ ಎಂಬ ಅಂಕಿ ಮೂರು ಲೆಕ್ಕಗಳಲ್ಲೂ ಬರುತ್ತದೆ. ಆದ್ದರಿಂದ ಅದೊಂದು ತಪ್ಪಿದರೆ ಮೂರೂ ಮುರಿಯುತ್ತವೆ; ತಪ್ಪು ಕೆಲವೇ ಸೆಂಟಿನದಾದರೆ ಮಾತ್ರ ಎರಡನೆಯದು ಉಳಿದುಕೊಳ್ಳಬಹುದು. ತೆರಿಗೆ ಎರಡನೆಯ, ಮೂರನೆಯ ಲೆಕ್ಕಗಳಲ್ಲಿ ಬರುತ್ತದೆ. ಅದು ತಪ್ಪಿದರೆ ಮೊದಲನೆಯದು ಸರಿಯಾಗಿಯೇ ಇದ್ದು ಉಳಿದೆರಡು ಮುರಿಯುತ್ತವೆ. ದರ ತಪ್ಪಿದರೆ ಎರಡನೆಯದು ಮಾತ್ರ, ಒಟ್ಟು ತಪ್ಪಿದರೆ ಮೂರನೆಯದು ಮಾತ್ರ, ವಸ್ತುಗಳ ಸಂಖ್ಯೆ ಇಲ್ಲವೆ ಬೆಲೆ ತಪ್ಪಿದರೆ ಮೊದಲನೆಯದು ಮಾತ್ರ ಮುರಿಯುತ್ತದೆ.

ಕುರ್ಚಿಯ ಸಾಲಿಗೆ ಬನ್ನಿ. 2220 ಎಂಬುದನ್ನು ತಂತ್ರಾಂಶ 2228 ಎಂದು ಓದಿತು ಎನ್ನೋಣ. 120 ಕುರ್ಚಿ, 18.50 ಬೆಲೆ, ಗುಣಿಸಿದರೆ 2220; ಹೊಂದಲಿಲ್ಲ. 2228ಕ್ಕೆ ಶೇ. 7.25 ಹಾಕಿದರೆ 161.53, ಓದಿದ ತೆರಿಗೆ 160.95, ಹೊಂದಲಿಲ್ಲ. 2228ಕ್ಕೆ 160.95 ಕೂಡಿಸಿದರೆ 2388.95, ಓದಿದ ಒಟ್ಟು 2380.95, ಅದೂ ಹೊಂದಲಿಲ್ಲ. ಮೂರೂ ಮುರಿದವು. ಅಂದರೆ ಮೊತ್ತದ ಮೇಲೆ ಗುಮಾನಿ. ಆದರೆ ಗುಮಾನಿಯಷ್ಟರಿಂದ ತೀರ್ಮಾನಕ್ಕೆ ಬರಬಾರದು, ಯಾಕೆಂದರೆ ಬೇರೆ ಎರಡು ಅಂಕಿಗಳು ಒಟ್ಟಿಗೆ ತಪ್ಪಿದರೂ ಮೂರೂ ಮುರಿಯಬಹುದು. ಹಾಗಾಗಿ ಮೂರು ದಿಕ್ಕಿನಿಂದ ಮೊತ್ತವನ್ನು ಹುಡುಕಬೇಕು. ಸಂಖ್ಯೆ ಗುಣಿಸು ಬೆಲೆ 2220. ತೆರಿಗೆ 160.95ನ್ನು 0.0725ರಿಂದ ಭಾಗಿಸಿದರೆ 2220. ಒಟ್ಟಿನಿಂದ ತೆರಿಗೆ ಕಳೆದರೆ 2220. ಮೂರು ದಾರಿಗಳೂ ಒಂದೇ ಅಂಕಿಗೆ ಬಂದು ನಿಂತಾಗ ಆ ಅಂಕಿಯನ್ನು ನಂಬಬಹುದು.

ಅಕ್ಕಿಯ ಸಾಲಿನಲ್ಲಿ ತೆರಿಗೆ 13.19 ಬದಲು 18.19 ಎಂದು ಬಂದಿದೆ ಎನ್ನೋಣ. 30 ಚೀಲ, 21.99, ಗುಣಿಸಿದರೆ 659.70, ಸರಿ. ಅದರ ಶೇ. 2 ಎಂದರೆ 13.19; ಓದಿದ್ದು 18.19, ತಪ್ಪು. ಕೂಡಿಸಿದರೆ 677.89, ಓದಿದ ಒಟ್ಟು 672.89, ತಪ್ಪು. ಮೊದಲನೆಯದು ಸರಿ, ಉಳಿದೆರಡು ಮುರಿದಿವೆ. ತೆರಿಗೆಯೇ ತಪ್ಪು. ಒಟ್ಟಿನಿಂದ ಮೊತ್ತ ಕಳೆದರೂ 13.19, ದರದಿಂದ ಲೆಕ್ಕ ಹಾಕಿದರೂ 13.19.

ಪಾತ್ರೆಯ ಸಾಲಿನಲ್ಲಿ ಬೆಲೆ 64.75 ಬದಲು 54.75 ಆಗಿದ್ದರೆ ಮೊದಲ ಲೆಕ್ಕ ಮಾತ್ರ ಮುರಿಯುತ್ತದೆ. ತಪ್ಪು ಸಂಖ್ಯೆಯಲ್ಲೋ ಬೆಲೆಯಲ್ಲೋ? ಮೊತ್ತ 518ನ್ನು 54.75ರಿಂದ ಭಾಗಿಸಿ ನೋಡಿ, ಒಂಬತ್ತೂವರೆಯ ಹತ್ತಿರ ಬರುತ್ತದೆ. ಒಂಬತ್ತೂವರೆ ಪಾತ್ರೆ ಯಾರೂ ಮಾರುವುದಿಲ್ಲ. 518ನ್ನು 8ರಿಂದ ಭಾಗಿಸಿದರೆ 64.75, ಸೆಂಟಿಗೆ ಸರಿಯಾಗಿ ಕೂರುವ ಬೆಲೆ. ಬೆಲೆಯನ್ನೇ ತಪ್ಪಾಗಿ ಓದಿದೆ ಎಂದಾಯಿತು.

ಇದೇ ಪರೀಕ್ಷೆ ಇನ್ನೊಂದು ಬಗೆಯ ತಪ್ಪನ್ನೂ ತೋರಿಸುತ್ತದೆ. ಬಿಲ್ಲಿನ ಚಿತ್ರ ಓರೆಯಾಗಿದ್ದರೆ ತಂತ್ರಾಂಶ ಬಲಗಡೆಯ ಕಾಲಂಗಳನ್ನು ಒಂದು ಸಾಲು ಕೆಳಗಿನಿಂದ ಓದುವುದುಂಟು. ಪಾತ್ರೆಯ ಸಂಖ್ಯೆ, ಬೆಲೆ ಸರಿಯಾಗಿರುತ್ತವೆ, ಆದರೆ ಮೊತ್ತ, ದರ, ತೆರಿಗೆ, ಒಟ್ಟು ನಾಲ್ಕೂ ಅಕ್ಕಿಯ ಸಾಲಿನವು. ಆ ನಾಲ್ಕೂ ತಮ್ಮತಮ್ಮಲ್ಲಿ ಹೊಂದಿಕೊಂಡೇ ಇರುವುದರಿಂದ ಮೊದಲ ಲೆಕ್ಕ ಮಾತ್ರ ಮುರಿಯುತ್ತದೆ, ಬೆಲೆ ತಪ್ಪಿದಂತೆಯೇ ಕಾಣುತ್ತದೆ. ಆಗ 659.70ನ್ನು 8ರಿಂದ ಭಾಗಿಸಿದರೆ 82.4625 ಬರುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ. ಪಾತ್ರೆಗೆ ಅಂಥ ಬೆಲೆ ಇರುವುದಿಲ್ಲ. ಸಾಲು ಜಾರಿದೆ ಎಂದು ತಿಳಿದುಕೊಳ್ಳಬೇಕು, ಮೇಲೆ ಕೆಳಗಿನ ಸಾಲುಗಳನ್ನೂ ನೋಡಬೇಕು.

ಇನ್ನೂ ಒಂದು ಮಾತು. ಮೊದಲನೆಯ ಮತ್ತು ಎರಡನೆಯ ಲೆಕ್ಕ ಮುರಿದು ಮೂರನೆಯದು ಸರಿಯಿದ್ದರೆ, ಅದು ಒಂದೇ ಅಂಕಿಯ ತಪ್ಪಿನಿಂದ ಆಗುವ ಮಾತೇ ಅಲ್ಲ. ಆ ಸಾಲಿನಲ್ಲಿ ಕನಿಷ್ಠ ಎರಡು ಅಂಕಿಗಳು ಕೆಟ್ಟಿವೆ. ಅಲ್ಲಿ ಲೆಕ್ಕದಿಂದ ಸರಿಪಡಿಸುವ ಸಾಹಸಕ್ಕೆ ಹೋಗದೆ ನೇರವಾಗಿ ಚಿತ್ರವನ್ನು ತೆರೆದು ನೋಡುವುದೇ ಸರಿ.

ದರದ ವಿಷಯಕ್ಕೆ ಬರೋಣ. ಎಷ್ಟೋ ಅಂಗಡಿಯ ಬಿಲ್ಲುಗಳಲ್ಲಿ ದರವನ್ನು ಅಚ್ಚು ಹಾಕಿರುವುದೇ ಇಲ್ಲ, ತೆರಿಗೆಯನ್ನು ಮಾತ್ರ ತೋರಿಸಿರುತ್ತಾರೆ. ಆಗ ತೆರಿಗೆಯನ್ನು ಮೊತ್ತದಿಂದ ಭಾಗಿಸಿ ದರವನ್ನು ನಾವೇ ತೆಗೆಯಬೇಕು. ಹೀಗೆ ತೆಗೆದ ದರ, ಆ ಊರಿನಲ್ಲಿ ಆ ದಿನ ಜಾರಿಯಲ್ಲಿದ್ದ ದರಗಳಲ್ಲಿ ಒಂದಾಗಿರಲೇಬೇಕು. ತಪ್ಪಾಗಿ ಓದಿದ 18.19ನ್ನು 659.70ರಿಂದ ಭಾಗಿಸಿದರೆ ಶೇ. 2.76 ಬರುತ್ತದೆ. ಇಡೀ ಉತ್ತರ ಕ್ಯಾರೊಲಿನಾದಲ್ಲಿ ಹುಡುಕಿದರೂ ಅಂಥ ದರ ಸಿಗದು. ಇದಕ್ಕಾಗಿ ಖಜಾಂಚಿಯ ಬಳಿ ಒಂದು ಸಣ್ಣ ಪಟ್ಟಿ ಇರಬೇಕು. ವೇಕ್‌ನಲ್ಲಿ 7.25 ಮತ್ತು 2. ಪಕ್ಕದ ಡರ್ಹಮ್‌ನಲ್ಲಿ ಕೌಂಟಿಯ ಪಾಲು ಕಾಲು ಶೇಕಡ ಹೆಚ್ಚು, ಆದ್ದರಿಂದ 7.5 ಮತ್ತು 2. ಉತ್ತರ ವರ್ಜೀನಿಯದಲ್ಲಿ ಸಾಮಾನ್ಯ ವಸ್ತುವಿಗೆ 6, ದಿನಸಿಗೆ 2023ರ ಜನವರಿಯಿಂದ 1. ಮೇರಿಲೆಂಡಿನಲ್ಲಿಯೂ ವಾಷಿಂಗ್ಟನ್ ಡಿ.ಸಿ.ಯಲ್ಲಿಯೂ ಸಾಮಾನ್ಯ ದರ 6, ದಿನಸಿಗೆ ಏನೂ ಇಲ್ಲ. ಜಾರ್ಜಿಯದಲ್ಲಿ ದಿನಸಿಗೆ ರಾಜ್ಯದ ಶೇ. 4 ಬೀಳುವುದಿಲ್ಲ, ಸ್ಥಳೀಯ ತೆರಿಗೆ ಬೀಳುತ್ತದೆ. ಅದಕ್ಕೇ ಅಟ್ಲಾಂಟ ಸುತ್ತಲಿನವರು ತಮ್ಮ ಕೌಂಟಿಗೆ ಒಂದೊಂದು ಸಾಲು ಬರೆದುಕೊಳ್ಳಬೇಕಾಗುತ್ತದೆ. ಮರುಪಾವತಿಯ ಅರ್ಜಿ ಉತ್ತರ ಕ್ಯಾರೊಲಿನಾದ ಮಾತಾದರೂ, ಓದಿದ್ದು ಸರಿಯೇ ಎಂದು ನೋಡುವ ಕ್ರಮ ಎಲ್ಲ ಕಡೆಗೂ ಒಂದೇ.

ಪಟ್ಟಿಯಲ್ಲಿ ಇಲ್ಲದ ದರವೆಲ್ಲ ತಪ್ಪು ಓದು ಎಂದು ತಿಳಿಯುವುದೂ ಅಪಾಯ. ವೇಕ್ ಕೌಂಟಿಯಲ್ಲಿ ಹೋಟೆಲಿನಿಂದ ಊಟ ತರಿಸಿದರೆ ಶೇ. 8.25 ಬರುತ್ತದೆ. ಬೇಯಿಸಿ ಸಿದ್ಧಪಡಿಸಿದ ಆಹಾರ ಪಾನೀಯಗಳ ಮೇಲೆ ಆ ಕೌಂಟಿ ಬೇರೆಯಾಗಿ ಶೇ. 1 ವಸೂಲು ಮಾಡುತ್ತದೆ. ಈ ಒಂದು ಶೇಕಡ E-585ರಲ್ಲಿ ಮರಳಿ ಬರುವುದೂ ಇಲ್ಲ. ಹಾಗಾಗಿ ಊಟದ ಸಾಲಿನಲ್ಲಿ 8.25 ಕಂಡರೆ ಅದು ಸರಿಯಾದ ಓದೇ, ಆದರೆ ಅರ್ಜಿಗೆ ಸೇರಿಸುವಾಗ 7.25ರ ಭಾಗವನ್ನು ಮಾತ್ರ ಸೇರಿಸಬೇಕು.

ಸಿಹಿತಿಂಡಿಯ ಸಾಲು ಇದಕ್ಕಿಂತ ಸ್ವಾರಸ್ಯವಾದದ್ದು. ಉತ್ತರ ಕ್ಯಾರೊಲಿನಾದಲ್ಲಿ ಕ್ಯಾಂಡಿ ಎಂದು ಕರೆಯುವ ತಿನಿಸಿಗೆ ದಿನಸಿಯ ಶೇ. 2ರ ದರ ಸಿಗುವುದಿಲ್ಲ, ಪೂರ್ತಿ ದರ ಬೀಳುತ್ತದೆ. ಕ್ಯಾಂಡಿ ಎಂದರೆ ಸಕ್ಕರೆಗೋ ಬೇರೆ ಸಿಹಿಗೋ ಕಾಯಿಬೀಜ, ಹಣ್ಣು, ಚಾಕಲೇಟು ಮುಂತಾದವು ಸೇರಿ ಬಿಲ್ಲೆ, ತುಂಡುಗಳ ರೂಪದಲ್ಲಿರುವುದು. ಆದರೆ ಹಿಟ್ಟು ಇದ್ದರೆ ಅದು ಕ್ಯಾಂಡಿ ಅಲ್ಲ. ಈ ವ್ಯಾಖ್ಯೆ ಹಲವು ರಾಜ್ಯಗಳು ಸೇರಿ ಮಾಡಿಕೊಂಡ ಮಾರಾಟ ತೆರಿಗೆ ಒಪ್ಪಂದದಿಂದ ಬಂದದ್ದು. ಅದರ ನಿಯಮದ ಪ್ರಕಾರ ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಹಿಟ್ಟಿನ ಹೆಸರು ಇರಬೇಕು. ಅದು ಧಾನ್ಯದ ಹಿಟ್ಟೇ ಆಗಿರಬೇಕೆಂದಿಲ್ಲ. ಆದ್ದರಿಂದ ಗೋಡಂಬಿ, ಸಕ್ಕರೆ ಮಾತ್ರ ಇರುವ ಬರ್ಫಿಗೆ 7.25 ಬಿದ್ದರೆ ಆಶ್ಚರ್ಯವಿಲ್ಲ. ಕಡಲೆಹಿಟ್ಟು ಎಂದು ಪಟ್ಟಿಯಲ್ಲಿ ಬರೆದಿರುವ ಮೈಸೂರು ಪಾಕಿನ ಡಬ್ಬಿಗೆ 2 ಬೀಳಬೇಕು. ಒಂದೇ ಕಪಾಟಿನ ಎರಡು ಡಬ್ಬಿಗಳಿಗೆ ಎರಡು ದರ. ಇದು ತಿಳಿಯದವರು ಬರ್ಫಿಯ ಸಾಲನ್ನು ನೋಡಿ, ತಿನ್ನುವ ಪದಾರ್ಥಕ್ಕೆ 7.25 ಹೇಗೆ ಬಂತು, ತಂತ್ರಾಂಶ ತಪ್ಪಾಗಿ ಓದಿದೆ ಎಂದು ಸರಿಯಿದ್ದದ್ದನ್ನೇ ತಿದ್ದಿಬಿಡುತ್ತಾರೆ.

ದರವನ್ನು ಹೀಗೆ ಭಾಗಿಸಿ ತೆಗೆಯುವುದಕ್ಕೆ ಒಂದು ಮಿತಿಯಿದೆ. ತೆರಿಗೆಯನ್ನು ಸೆಂಟಿಗೆ ಸರಿಮಾಡಿರುತ್ತಾರೆ. ಎರಡು ಡಾಲರಿನ ವಸ್ತುವಿಗೆ ವೇಕ್‌ನ 7.25 ಹಾಕಿದರೂ 15 ಸೆಂಟ್, ಡರ್ಹಮ್‌ನ 7.5 ಹಾಕಿದರೂ 15 ಸೆಂಟ್. ಈ ಎರಡು ದರಗಳ ನಡುವಿನ ಅಂತರ ಕಾಲು ಶೇಕಡ. ಅದು ಒಂದು ಸೆಂಟಾಗಬೇಕಾದರೆ ಮೊತ್ತ 4 ಡಾಲರ್ ಆಗಬೇಕು. ಅದಕ್ಕಿಂತ ಕಡಿಮೆ ಮೊತ್ತದ ಸಾಲಿನಲ್ಲಿ ತೆರಿಗೆಯಿಂದ ಕೌಂಟಿಯನ್ನು ಖಚಿತವಾಗಿ ಹೇಳಲಾಗದು, ಅಂಗಡಿಯ ವಿಳಾಸವನ್ನೇ ನೋಡಬೇಕು.

ಸೆಂಟಿಗೆ ಸರಿಮಾಡುವ ಈ ಮಾತಿನಲ್ಲಿ ಇನ್ನಷ್ಟು ಹೇಳುವುದಿದೆ, ಯಾಕೆಂದರೆ ಸುಳ್ಳು ಎಚ್ಚರಿಕೆಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಪಾತ್ರೆಯ ಸಾಲಿನಲ್ಲಿ 518ರ ಶೇ. 7.25 ಎಂದರೆ ನಿಖರವಾಗಿ 37.555. ಮೂರನೆಯ ದಶಮಾಂಶ ಐದು ಅಥವಾ ಮೇಲಿದ್ದರೆ ಮೇಲಿನ ಸೆಂಟಿಗೆ ಏರಿಸಬೇಕು, ಹಾಗಾಗಿ 37.56. ಆದರೆ ಕಂಪ್ಯೂಟರು ಒಳಗೆ ಸಂಖ್ಯೆಗಳನ್ನು ಎರಡರ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ ಇಂಥ ಅಂಚಿನ ಸಂಖ್ಯೆ ಕೂದಲೆಳೆಯಷ್ಟು ಕೆಳಗೆ ಸರಿದು 37.55 ಆಗಿಬಿಡಬಹುದು. ಪ್ರೋಗ್ರಾಂ ಬರೆಯುವವರು ಹಣವನ್ನು ಸೆಂಟುಗಳ ಪೂರ್ಣಸಂಖ್ಯೆಯಲ್ಲಿ ಅಥವಾ ದಶಮಾಂಶ ಪದ್ಧತಿಯಲ್ಲಿ ಇಟ್ಟುಕೊಂಡರೆ ಈ ತೊಂದರೆ ಇಲ್ಲ. ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ತೆರಿಗೆಯ ಲೆಕ್ಕಕ್ಕೆ `ROUND` ಸೂತ್ರ ಹಾಕಿದ ಮೇಲೆಯೇ ಹೋಲಿಸಬೇಕು. ಅಷ್ಟೇ ಅಲ್ಲದೆ, ಮಾರುವವರು ತೆರಿಗೆಯನ್ನು ಸಾಲುಸಾಲಿಗೆ ಲೆಕ್ಕ ಹಾಕಬಹುದು, ಇಲ್ಲವೆ ಇಡೀ ಬಿಲ್ಲಿಗೆ ಒಮ್ಮೆಲೇ ಹಾಕಬಹುದು, ಎರಡಕ್ಕೂ ಅವಕಾಶವಿದೆ. ಇಡೀ ಬಿಲ್ಲಿಗೆ ಹಾಕಿದವರಲ್ಲಿ ಸಾಲುಗಳ ತೆರಿಗೆಗಳನ್ನು ಕೂಡಿಸಿದ್ದಕ್ಕೂ ಕೆಳಗಿನ ಒಟ್ಟು ತೆರಿಗೆಗೂ ಒಂದೆರಡು ಸೆಂಟ್ ವ್ಯತ್ಯಾಸ ಬಂದರೆ ಅದು ತಪ್ಪಲ್ಲ.

ಹಾಗಾದರೆ ಎಷ್ಟು ವ್ಯತ್ಯಾಸವನ್ನು ಬಿಡಬೇಕು? ಗುಣಾಕಾರದ ಲೆಕ್ಕಗಳಿಗೆ ಸಾಲಿಗೆ ಒಂದು ಸೆಂಟ್ ಬಿಡಬಹುದು. ತೂಕದಿಂದ ಮಾರುವ ತರಕಾರಿಯಲ್ಲಿ ಅದು ಬೇಕೇ ಬೇಕು. ಕೂಡುವ ಲೆಕ್ಕಕ್ಕೆ ಮಾತ್ರ ಏನನ್ನೂ ಬಿಡಬಾರದು. ಸೆಂಟಿಗೆ ಸರಿಮಾಡಿ ಮುಗಿದ ಮೊತ್ತ, ಸೆಂಟಿಗೆ ಸರಿಮಾಡಿ ಮುಗಿದ ತೆರಿಗೆ, ಇವೆರಡನ್ನು ಕೂಡಿಸಿದಾಗ ಒಟ್ಟು ಒಂದು ಸೆಂಟ್ ಕೂಡ ಆಚೀಚೆ ಆಗುವ ಕಾರಣವೇ ಇಲ್ಲ. ಸುಳ್ಳು ಎಚ್ಚರಿಕೆ ಹೆಚ್ಚಾಯಿತೆಂದು ಎಲ್ಲದಕ್ಕೂ ಒಂದು ಡಾಲರ್ ಬಿಟ್ಟುಬಿಡುವವರನ್ನು ನೋಡಿದ್ದೇನೆ. ಸೆಂಟಿನ ಜಾಗದಲ್ಲಿ ಮೂರು ಎಂಟಾದರೆ ವ್ಯತ್ಯಾಸ ಐದು ಸೆಂಟ್, ಅದರ ಎಡಗಡೆಯ ಜಾಗದಲ್ಲಿ ಆದರೆ ಐವತ್ತು. ಒಂದು ಡಾಲರ್ ಬಿಟ್ಟವರಿಗೆ ಇವೆರಡೂ ಕಾಣುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಇಡೀ ಪರೀಕ್ಷೆಯನ್ನು ನಿರರ್ಥಕ ಮಾಡುವ ಒಂದು ಸಂಗತಿಯಿದೆ. ಕೆಲವು ತಂತ್ರಾಂಶಗಳು ಯಾವುದಾದರೂ ಅಂಕಿ ಓದಲು ಬರದಿದ್ದರೆ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಆ ಮನೆಯನ್ನು ತಾವೇ ತುಂಬುತ್ತವೆ. ಒಟ್ಟು ಕಾಣಲಿಲ್ಲ ಎಂದು ಮೊತ್ತಕ್ಕೆ ತೆರಿಗೆ ಕೂಡಿಸಿ ಬರೆದುಬಿಡುತ್ತವೆ. ತೆರಿಗೆ 18.19 ಎಂದು ತಪ್ಪಾಗಿ ಓದಿದ್ದರೆ ಒಟ್ಟೂ 677.89 ಎಂದು ತುಂಬುತ್ತದೆ, ಮೂರನೆಯ ಲೆಕ್ಕ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಒಬ್ಬನೇ ಮನುಷ್ಯ ಎರಡು ಸಲ ಸಾಕ್ಷಿ ಹೇಳಿದಂತೆ ಅದು. ಆದ್ದರಿಂದ ಯಾವ ಮನೆ ಚಿತ್ರದಿಂದ ಓದಿದ್ದು, ಯಾವುದು ಲೆಕ್ಕದಿಂದ ತುಂಬಿದ್ದು ಎಂದು ತಂತ್ರಾಂಶ ಹೇಳುತ್ತದೆಯೇ ನೋಡಿಕೊಳ್ಳಬೇಕು. ಹೇಳದಿದ್ದರೆ ಪರೀಕ್ಷಿಸಲು ಸುಲಭದ ಉಪಾಯವಿದೆ. ಒಂದು ಬಿಲ್ಲಿನ ಒಟ್ಟಿನ ಕಾಲಂ ಮೇಲೆ ಕಾಗದ ಮುಚ್ಚಿ ಚಿತ್ರ ತೆಗೆದು ಕೊಡಿ. ಆಗಲೂ ಆ ಕಾಲಂ ತುಂಬಿ ಬಂದರೆ ಅದನ್ನು ಸಾಕ್ಷಿಯೆಂದು ಎಣಿಸಬೇಡಿ.

ಸಾಲುಗಳೆಲ್ಲ ಸರಿಯಿದ್ದೂ ಬಿಲ್ಲು ತಪ್ಪಾಗಬಹುದು, ಒಂದು ಸಾಲೇ ಬಿಟ್ಟುಹೋಗಿದ್ದರೆ. ಎರಡು ಪುಟದ ಬಿಲ್ಲಿನಲ್ಲಿ ಪುಟ ತಿರುಗುವ ಜಾಗದಲ್ಲಿ ಇದು ಆಗುತ್ತದೆ. ಅದಕ್ಕೆ ಕಾಲಂಗಳನ್ನು ಮೇಲಿಂದ ಕೆಳಕ್ಕೆ ಕೂಡಿಸಿ ಬಿಲ್ಲಿನ ಕೊನೆಯ ಮೊತ್ತಗಳೊಡನೆ ನೋಡಬೇಕು. ನಮ್ಮ ಉದಾಹರಣೆಯ ಬಿಲ್ಲಿನಲ್ಲಿ ಮೊತ್ತ 3673.46, ತೆರಿಗೆ 231.69, ಒಟ್ಟು 3905.15. ಓದಿಬಂದ ಸಾಲುಗಳಲ್ಲಿ ಮೊತ್ತ 275.76 ಕಡಿಮೆ, ತೆರಿಗೆ 19.99 ಕಡಿಮೆ ಇದೆ ಎನ್ನೋಣ. ಆ ಕೊರತೆಯನ್ನೇ ಭಾಗಿಸಿ ನೋಡಿ, ಶೇ. 7.25 ಬರುತ್ತದೆ. ಅಂದರೆ ಬಿಟ್ಟುಹೋದದ್ದು ಪೂರ್ತಿ ದರದ ವಸ್ತು, ಅದರ ಮೊತ್ತ 275.76. ಯಾವ ಸಾಲನ್ನು ಹುಡುಕಬೇಕು ಎಂದು ಹುಡುಕುವ ಮೊದಲೇ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಮನೆ ಕಟ್ಟಿಸುತ್ತಿರುವವರು, ತಂದೆತಾಯಿಯ ಖರ್ಚು ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿಂದ ವಾಟ್ಸಾಪಿನಲ್ಲಿ ಬರುವ ಜಿಎಸ್‌ಟಿ ಬಿಲ್ಲುಗಳಿಗೂ ಇದೇ ಕ್ರಮ ಒಗ್ಗುತ್ತದೆ, ಇನ್ನೊಂದು ಅನುಕೂಲದೊಡನೆ. ರಾಜ್ಯದೊಳಗಿನ ಖರೀದಿಯಲ್ಲಿ ತೆರಿಗೆ ಎರಡು ಸಮಪಾಲಾಗಿ ಕಾಣಿಸುತ್ತದೆ, ಕೇಂದ್ರದ್ದು ಒಂದು, ರಾಜ್ಯದ್ದು ಒಂದು. ಎರಡೂ ಒಂದೇ ಆಗಿರಬೇಕಾದ್ದರಿಂದ ಒಂದು ತಪ್ಪಿದರೆ ಲೆಕ್ಕವೇ ಇಲ್ಲದೆ ಕಾಣುತ್ತದೆ. ಅಲ್ಲಿ ಗಮನಿಸಬೇಕಾದದ್ದು ಅಲ್ಪವಿರಾಮ. ಒಂದು ಲಕ್ಷದ ಹದಿನೆಂಟು ಸಾವಿರವನ್ನು 1,18,000 ಎಂದು ಬರೆಯುತ್ತೇವೆ. ಮೂರು ಮೂರು ಅಂಕಿಗೆ ಅಲ್ಪವಿರಾಮ ಇರುತ್ತದೆ ಎಂದು ನಂಬಿರುವ ಇಲ್ಲಿನ ತಂತ್ರಾಂಶ ಅದನ್ನು ತುಂಡು ಮಾಡಿಬಿಡಬಹುದು. ಹಾಗೆಯೇ ದರಗಳ ಪಟ್ಟಿಗೆ ದಿನಾಂಕ ಬೇಕು. ಸಿಮೆಂಟಿಗೆ ಶೇ. 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿಯಿತು. ಆಗಸ್ಟ್ ತಿಂಗಳ ಬಿಲ್ಲಿನಲ್ಲಿ 28 ಕಂಡರೆ ಅದು ಸರಿ, ಅಕ್ಟೋಬರಿನ ಬಿಲ್ಲಿನಲ್ಲಿ ಕಂಡರೆ ಚಿತ್ರ ತೆರೆದು ನೋಡಬೇಕು.

ಇನ್ನು, ತಪ್ಪು ಗೊತ್ತಾದ ಮೇಲೆ ಏನು ಮಾಡಬೇಕು ಎಂಬುದು. ಲೆಕ್ಕದಿಂದ ಬಂದ ಅಂಕಿಯನ್ನು ಓದಿಬಂದ ಅಂಕಿಯ ಮೇಲೆಯೇ ಬರೆದು ಅಳಿಸಿಹಾಕಬಾರದು ಎಂದು ನಾನು ಬಲವಾಗಿ ಹೇಳುತ್ತೇನೆ. ಎರಡನ್ನೂ ಪಕ್ಕಪಕ್ಕದ ಕಾಲಂಗಳಲ್ಲಿ ಇಟ್ಟುಕೊಂಡು, ಹೊಂದದ ಸಾಲಿನ ಚಿತ್ರವನ್ನು ಒಬ್ಬರು ಕಣ್ಣಾರೆ ನೋಡಿ, ಕಾಗದದ ಮೇಲೆ ನಿಜವಾಗಿ ಏನಿದೆಯೋ ಅದನ್ನೇ ದಾಖಲಿಸಬೇಕು. ಯಾಕೆಂದರೆ ಹೊಂದದಿರುವುದಕ್ಕೆ ಓದಿನ ತಪ್ಪು ಒಂದೇ ಕಾರಣವಲ್ಲ. ಅಂಗಡಿಯವರೇ ತಪ್ಪು ಲೆಕ್ಕ ಹಾಕಿರಬಹುದು. ಅದನ್ನು ನಮ್ಮ ಲೆಕ್ಕ ಸದ್ದಿಲ್ಲದೆ ತಿದ್ದಿಬಿಟ್ಟರೆ, ಕೊಟ್ಟ ಹಣಕ್ಕೂ ಪುಸ್ತಕದಲ್ಲಿ ಬರೆದ ಹಣಕ್ಕೂ ತಾಳೆ ತಪ್ಪುತ್ತದೆ, ಬ್ಯಾಂಕಿನ ಲೆಕ್ಕದಲ್ಲಿ ಅದು ಇನ್ನೊಂದು ಗಂಟಾಗಿ ಎದ್ದು ಬರುತ್ತದೆ.

ಮೂರು ಲೆಕ್ಕಗಳೂ ಹೊಂದಿಕೊಂಡು, ದರವೂ ಪಟ್ಟಿಯಲ್ಲಿದ್ದು, ಆದರೂ ತಪ್ಪಾಗಿರುವ ಸಾಲೂ ಇರುತ್ತದೆ. ಮೈಸೂರು ಪಾಕಿಗೆ ಅಂಗಡಿಯ ಯಂತ್ರ 7.25 ಹಾಕಿದ್ದರೆ ಗುಣಾಕಾರ ಸರಿ, ಕೂಡುವುದು ಸರಿ, ಓದಿದ್ದೂ ಸರಿ. ಇದನ್ನು ಯಾವ ಮರುಲೆಕ್ಕವೂ ಹಿಡಿಯುವುದಿಲ್ಲ. ಸಾಲಿನಲ್ಲಿರುವ ವಸ್ತು ಏನೆಂದು ತಿಳಿದವರು ಆ ಸಾಲನ್ನು ಓದಿದರೆ ಮಾತ್ರ ಕಾಣುತ್ತದೆ. ಹೆಚ್ಚಾಗಿ ಹಾಕಿದ ಆ ತೆರಿಗೆಯನ್ನು ಕೇಳಬೇಕಾದದ್ದು ಮಾರಿದವರನ್ನು, E-585ರಲ್ಲಿ ರಾಜ್ಯವನ್ನಲ್ಲ. ಬಿಲ್ಲು ಹಿಡಿದು ಅಂಗಡಿಗೆ ಹೋಗಿ, ಡಬ್ಬಿಯ ಮೇಲಿನ ಪಟ್ಟಿಯನ್ನು ತೋರಿಸಿ, ತಿದ್ದಿದ ಬಿಲ್ಲನ್ನು ಪಡೆಯಬೇಕು. ಮುಂದಿನ ಹಬ್ಬಕ್ಕೆ ಅದೇ ಡಬ್ಬಿ ಕೊಳ್ಳುವಾಗ ಅವರ ಯಂತ್ರದಲ್ಲೂ ದರ ಸರಿಯಾಗಿರುತ್ತದೆ.

ಶಾರ್ಲಟ್‌ನ ಖಜಾಂಚಿಗಳಿಗೆ ಒಂದು ಸೂಚನೆ ಹೇಳಿ ಮುಗಿಸುತ್ತೇನೆ. ಮೆಕ್ಲೆನ್‌ಬರ್ಗ್ ಕೌಂಟಿಯ ಮತದಾರರು 2025ರ ನವೆಂಬರಿನಲ್ಲಿ ಸಾರಿಗೆಗೆಂದು ಇನ್ನೊಂದು ಶೇಕಡ ತೆರಿಗೆಗೆ ಒಪ್ಪಿಗೆ ಕೊಟ್ಟಿದ್ದಾರೆ. ಅದು ಜಾರಿಗೆ ಬರುವ ದಿನ 2026ರ ಜುಲೈ 1. ಅಲ್ಲಿಯವರೆಗಿನ 7.25 ಅಂದಿನಿಂದ 8.25. ಆ ಕೌಂಟಿಯಲ್ಲೂ ಸಿದ್ಧ ಆಹಾರಕ್ಕೆ ಹೆಚ್ಚಿನ ಶೇ. 1 ಇರುವುದರಿಂದ, ಜೂನ್ ತಿಂಗಳ ಬಿಲ್ಲಿನಲ್ಲಿ 8.25 ಎಂದರೆ ಊಟದ ಸಾಲು, ಜುಲೈ ತಿಂಗಳ ಬಿಲ್ಲಿನಲ್ಲಿ ಅದೇ 8.25 ಎಂದರೆ ಕುರ್ಚಿಯ ಸಾಲು. ಮೊದಲನೆಯದರಲ್ಲಿ ಒಂದು ಶೇಕಡ ಅರ್ಜಿಯಿಂದ ಹೊರಗೆ, ಎರಡನೆಯದರಲ್ಲಿ ಆ ಒಂದು ಶೇಕಡ ಸಾರಿಗೆಯ ಲೆಕ್ಕಕ್ಕೆ. ನಿಮ್ಮ ದರಗಳ ಪಟ್ಟಿಯಲ್ಲಿ ಆ ದಿನಾಂಕವನ್ನು ಈಗಲೇ ಬರೆದಿಟ್ಟುಕೊಳ್ಳಿ.